ಚಿಕ್ಕಮ್ಮನ ಹತ್ತು ಸಾವಿರ ಮತ್ತು ಒಂದು ನೋಟ್‌ಬುಕ್

ಡೊಂಬಿವಲಿಯಲ್ಲಿರುವ ನನ್ನ ಚಿಕ್ಕಮ್ಮನ ಖಾತೆಯಿಂದ 2024ರ ಮಾರ್ಚ್ 4ರಂದು ಹತ್ತು ಸಾವಿರ ರೂಪಾಯಿ ಹೋಯಿತು. ಎಟಿಎಂ ದುಡ್ಡು ಕೊಡಲಿಲ್ಲ, ಖಾತೆಯಲ್ಲಿ ಮಾತ್ರ ಕಡಿತವಾಯಿತು. ಏಪ್ರಿಲ್ 22ಕ್ಕೆ ಆ ದುಡ್ಡು ವಾಪಸ್ ಬಂತು. ತಡ ಮಾಡಿದ್ದಕ್ಕೆ ಇನ್ನೂ 4,400 ರೂಪಾಯಿ ಬಂತು, ಅದು ಮಾತ್ರ ಎರಡು ಕಂತಿನಲ್ಲಿ. ಇಷ್ಟಕ್ಕೂ ಬ್ಯಾಂಕಿಗೆ ನಾವು ಬರೆದ ದೂರು ಒಂದೇ ಪುಟದ್ದು. ಆ ಪುಟ ಬರೆಯುವ ಮುಂಚೆ ಎರಡು ವಾರ ನೋಟ್‌ಬುಕ್ಕಿನಲ್ಲಿ ಏನೇನು ಬರೆದುಕೊಂಡೆವು ಅನ್ನುವುದನ್ನು ಹೇಳಬೇಕು. ಕೆಲಸ ಮಾಡಿದ್ದು ಅದೇ.

ಚಿಕ್ಕಮ್ಮ ಸ್ಟೇಷನ್ನಿನ ಪೂರ್ವಕ್ಕೆ ಅಕ್ಕಪಕ್ಕದಲ್ಲಿರುವ ಎರಡು ಎಟಿಎಂಗಳಲ್ಲಿ ಒಂದಕ್ಕೆ ಹೋಗಿದ್ದರು. ಎರಡೂ ಬೇರೆ ಬೇರೆ ಬ್ಯಾಂಕಿನವು, ಯಾವುದೂ ಅವರ ಬ್ಯಾಂಕಿನದಲ್ಲ. ಮೊದಲನೆಯದರಲ್ಲಿ ಯಂತ್ರ ಒಳಗೆ ನೋಟು ಎಣಿಸುವ ಸದ್ದು ಮಾಡಿತು, ಆಮೇಲೆ ಸುಮ್ಮನಾಯಿತು. ನೋಟೂ ಇಲ್ಲ, ಚೀಟಿಯೂ ಇಲ್ಲ. ಅವರಿಗೆ ಮಾರನೇ ದಿನ ಬೆಳಿಗ್ಗೆ ಊರಿಗೆ ಹೋಗುವವರ ಕೈಯಲ್ಲಿ ದುಡ್ಡು ಕಳಿಸಬೇಕಿತ್ತು. ಹಾಗಾಗಿ ಪಕ್ಕದ ಯಂತ್ರದಲ್ಲಿ ಮತ್ತೆ ಹತ್ತು ಸಾವಿರ ತೆಗೆದರು. ಅಲ್ಲಿ ದುಡ್ಡು ಬಂತು. ಮನೆಗೆ ಬಂದು ಮೊಬೈಲ್ ನೋಡಿದರೆ ಎರಡು ಎಸ್‌ಎಂಎಸ್, ಎರಡರಲ್ಲೂ ಹತ್ತು ಸಾವಿರ ಕಡಿತ. ಈ 'ಎರಡು' ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಭಿವಂಡಿಯ ಒಂದು ಗೋದಾಮಿನಲ್ಲಿ ಡಿಸ್ಪ್ಯಾಚ್ ನೋಡುವವನು. ನಮ್ಮಲ್ಲಿ ಗೇಟಿನ ರಿಜಿಸ್ಟರಿನಲ್ಲಿ ಲಾರಿ ಬಂದ ಹೊತ್ತು, ಹೋದ ಹೊತ್ತು, ಡ್ರೈವರ್ ಹೆಸರು ಇಲ್ಲದೆ ಯಾವ ಜಗಳವೂ ಬಗೆಹರಿಯುವುದಿಲ್ಲ. ಆ ಅಭ್ಯಾಸದಿಂದ ಅವತ್ತು ರಾತ್ರಿಯೇ ಒಂದು ನೂರು ಪುಟದ ನೋಟ್‌ಬುಕ್ ತೆಗೆದು ಗೆರೆ ಎಳೆದೆ. ಚಿಕ್ಕಮ್ಮನಿಗೆ ಇದು ಇಷ್ಟವಾಗಲಿಲ್ಲ. "ಲೆಕ್ಕ ಆಮೇಲೆ ಬರಿ ಮಾರಾಯ, ಮೊದ್ಲು ಒಂದು ಜೋರು ಕಾಗದ ಬರಿ," ಅಂದರು.

ಕಾಗದಕ್ಕೆ ಏನು ಬರೆಯಬೇಕು ಅನ್ನುವುದೇ ಅವತ್ತು ಗೊತ್ತಿರಲಿಲ್ಲ. 'ದುಡ್ಡು ಬರಲಿಲ್ಲ' ಅನ್ನುವುದೊಂದು ಬಿಟ್ಟರೆ ನಮ್ಮ ಹತ್ತಿರ ಏನೂ ಇರಲಿಲ್ಲ.

ಪುಟದಲ್ಲಿ ಆರು ಕಾಲಂ ಮಾಡಿದ್ದೆ. ತಾರೀಖು ಮತ್ತು ಹೊತ್ತು. ಯಾವ ನಂಬರಿಗೆ ಮಾಡಿದ್ದು, ಯಾರು ಮಾತಾಡಿದ್ದು. ಅವರು ಹೇಳಿದ್ದು. ಕೊಟ್ಟ ಮಾತು ಮತ್ತು ಅದರ ಗಡುವು. ಅದಕ್ಕೆ ಸಾಕ್ಷಿ ಏನಿದೆ. ಕೊನೆಯ ಕಾಲಂ 'ಆದದ್ದೇನು', ಅದನ್ನು ಫೋನ್ ಮಾಡಿದ ದಿನ ಖಾಲಿ ಬಿಡಬೇಕು. ಗಡುವಿನ ದಿನ ಬಂದಾಗ ತುಂಬಬೇಕು. ಈ ಕೊನೆಯ ಕಾಲಂ ಇಲ್ಲದಿದ್ದರೆ ಅದು ಬರೀ ಡೈರಿ. ಯಾರು ಏನು ಹೇಳಿದರು ಅನ್ನುವುದಕ್ಕಿಂತ, ಹೇಳಿದ್ದು ಆ ದಿನಕ್ಕೆ ಆಯಿತೋ ಇಲ್ಲವೋ ಅನ್ನುವುದು ಕಡೆಗೆ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಮೊದಲ ಸಾಲುಗಳು ಫೋನ್ ಮಾಡುವ ಮುಂಚೆಯೇ ಬರೆದವು. ಮೊದಲ ಎಸ್‌ಎಂಎಸ್ 6:52ಕ್ಕೆ, ಎರಡನೆಯದು 6:59ಕ್ಕೆ. ಎರಡರದ್ದೂ ಸ್ಕ್ರೀನ್‌ಶಾಟ್ ತೆಗೆದು ನನ್ನ ಮೊಬೈಲಿಗೂ ಕಳಿಸಿಕೊಂಡೆ. ಮಾರನೇ ದಿನ ಕೆಲಸಕ್ಕೆ ಹೋಗುವಾಗ ಆ ಎರಡು ಯಂತ್ರಗಳ ಮೇಲೆ ಅಂಟಿಸಿದ್ದ ಎಟಿಎಂ ಐಡಿಗಳನ್ನು ಬರೆದುಕೊಂಡೆ. ಕಾರ್ಡಿನ ಕೊನೆಯ ನಾಲ್ಕು ಅಂಕಿ ಮಾತ್ರ ಬರೆದೆ. ಪೂರ್ತಿ ಕಾರ್ಡ್ ನಂಬರ್, ಪಿನ್, ಓಟಿಪಿ ಇವು ಇಂಥ ನೋಟ್‌ಬುಕ್ಕಿನಲ್ಲಿ ಇರಲೇಬಾರದು. ನಾಲ್ಕು ಜನರ ಮುಂದೆ ತೆರೆಯುವ ಪುಸ್ತಕ ಅದು.

ಸಹಾಯವಾಣಿಯ ನಂಬರನ್ನು ಕಾರ್ಡಿನ ಹಿಂಬದಿಯಿಂದ ತೆಗೆದುಕೊಂಡೆವು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೋಸಗಾರರು ಹಾಕಿದ ನಂಬರುಗಳೂ ಸಿಗುತ್ತವೆ. ಬ್ಯಾಂಕಿನವರು ಖಾತೆದಾರರ ಹತ್ತಿರ ಮಾತ್ರ ಮಾತಾಡುವುದರಿಂದ ಚಿಕ್ಕಮ್ಮನೇ ಮಾತಾಡಿದರು, ನಾನು ಸ್ಪೀಕರಿನಲ್ಲಿ ಕೇಳುತ್ತಾ ಬರೆದುಕೊಂಡೆ. ಭಾಷೆ ಆರಿಸುವಾಗ ಕನ್ನಡವೂ ಇತ್ತು. ಚಿಕ್ಕಮ್ಮನಿಗೆ ಖುಷಿಯೋ ಖುಷಿ. ಆ ಕಡೆಯ ಹುಡುಗಿಯ ಊರು ಕೇಳಿಯೇ ಬಿಟ್ಟರು!

ಮೊದಲ ದಿನದ ಸಾಲು ಹೀಗಿದೆ: "ಮಾ. 4, ರಾತ್ರಿ 7:40. ಕಾರ್ಡಿನ ಹಿಂದಿನ ನಂಬರ್. ಹೆಸರು ಹೇಳಿದರು, ಬರೆದಿದೆ. 'ತಾನಾಗೇ ವಾಪಸ್ ಬರತ್ತೆ, 24 ಗಂಟೆ ನೋಡಿ.' ದೂರಿನ ಸಂಖ್ಯೆ ಕೊಡಲಿಲ್ಲ. ಗಡುವು: ಮಾ. 5, ರಾತ್ರಿ 7:40. ಸಾಕ್ಷಿ: ಕಾಲ್ ಲಿಸ್ಟಿನ ಸ್ಕ್ರೀನ್‌ಶಾಟ್." ಕೊನೆಯ ಕಾಲಮ್ಮಿನಲ್ಲಿ ಮಾರನೇ ದಿನ ರಾತ್ರಿ ಬರೆದದ್ದು: "ಬಂದಿಲ್ಲ."

ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ. 'ಸರಿಯಾಗಿ ಉತ್ತರ ಕೊಡಲಿಲ್ಲ' ಅಂತ ಬರೆದರೆ ಅದು ನಮ್ಮ ಸಿಟ್ಟು ಅಷ್ಟೆ. '24 ಗಂಟೆ ನೋಡಿ' ಅಂತ ಬರೆದರೆ ಅದು ಅವರ ಮಾತು. ಚಿಕ್ಕಮ್ಮ ಒಮ್ಮೆ ನೋಟ್‌ಬುಕ್ ತೆಗೆದುಕೊಂಡು ಮಾರ್ಜಿನಿನಲ್ಲಿ 'ಸೊಕ್ಕಿನ ಹುಡುಗ' ಅಂತ ಬರೆದಿದ್ದರು. ಅದನ್ನು ಒಂದು ಗೆರೆ ಎಳೆದು ಹೊಡೆದು ಹಾಕಿದೆ, ಪುಟ ಹರಿಯಲಿಲ್ಲ. ಹಾಗೆಯೇ ಆಮೇಲೆ ನೀಟಾಗಿ ಬೇರೆ ಪುಸ್ತಕಕ್ಕೆ ಇಳಿಸಲೂ ಇಲ್ಲ. ಒಂದೇ ಪೆನ್ನಿನಲ್ಲಿ ಒಂದೇ ದಿನ ಕೂತು ಬರೆದಂತೆ ಕಾಣುವ ಪಟ್ಟಿಯನ್ನು ಯಾರೂ ನಂಬುವುದಿಲ್ಲ. ಆಯಾ ದಿನವೇ ಬರೆದದ್ದು, ಕಾಟು ಹೊಡೆದದ್ದು, ಬೇರೆ ಬೇರೆ ಶಾಯಿ ಇರುವುದು, ಅದೇ ನಂಬಿಕೆ ಹುಟ್ಟಿಸುತ್ತದೆ.

ಮಾರ್ಚ್ 6ರ ಬೆಳಿಗ್ಗೆ ಮತ್ತೆ ಫೋನ್. ಈ ಸಲ ಹಿಂದಿಯಲ್ಲಿ ಮಾತಾಡುವ ಒಬ್ಬರು ಸಿಕ್ಕರು. ದೂರು ದಾಖಲಿಸುತ್ತೇನೆ ಅಂದರು, ಸಂಖ್ಯೆ ಕೊಟ್ಟರು, ಅದೇ ಸಂಖ್ಯೆಯ ಎಸ್‌ಎಂಎಸ್ಸೂ ಬಂತು. "ಐದು ವರ್ಕಿಂಗ್ ಡೇಸ್ ಒಳಗೆ ಆಗುತ್ತದೆ," ಅಂದರು. ಚಿಕ್ಕಮ್ಮ ನಾನು ಹೇಳಿಕೊಟ್ಟ ಹಾಗೆ ಕೇಳಿದರು: "ಅಂದರೆ ಯಾವ ತಾರೀಖು?" ಅವರು ಲೆಕ್ಕ ಹಾಕಿ "14" ಅಂದರು. ಅದು ಸರಿಯಾಗಿಯೇ ಇತ್ತು. 8ನೇ ತಾರೀಖು ಶುಕ್ರವಾರ ಶಿವರಾತ್ರಿ ರಜೆ, 9 ಎರಡನೇ ಶನಿವಾರ, 10 ಭಾನುವಾರ. ಹಾಗಾಗಿ ಐದು ಕೆಲಸದ ದಿನ ಎಣಿಸಿದರೆ 14ಕ್ಕೇ ಬರುತ್ತದೆ.

ಆದರೆ ಈ ವಿಷಯದಲ್ಲಿ ಕೆಲಸದ ದಿನಗಳ ಲೆಕ್ಕವೇ ಇಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿದೆ. ಎಟಿಎಂನಲ್ಲಿ ದುಡ್ಡು ಬರದೆ ಖಾತೆಯಲ್ಲಿ ಕಡಿತವಾದರೆ, ವ್ಯವಹಾರ ನಡೆದ ದಿನ ಬಿಟ್ಟು ಐದು ದಿನದೊಳಗೆ ಬ್ಯಾಂಕು ತಾನಾಗಿಯೇ ವಾಪಸ್ ಹಾಕಬೇಕು. ಅದರಾಚೆ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಗ್ರಾಹಕ ಕೇಳಲಿ ಬಿಡಲಿ, ಅದನ್ನೂ ಬ್ಯಾಂಕೇ ಕೊಡಬೇಕು. ಆ ದಿನಗಳು ಕ್ಯಾಲೆಂಡರ್ ದಿನಗಳು ಅಂತ ಸುತ್ತೋಲೆಯಲ್ಲೇ ಇದೆ. ಅಂದರೆ ನಮ್ಮ ಗಡುವು ಮಾರ್ಚ್ 9, ಶಿವರಾತ್ರಿಯ ಮಾರನೇ ದಿನ. ಫೋನಿನಲ್ಲಿ ಕೊಟ್ಟ ಗಡುವು 14. ನೋಟ್‌ಬುಕ್ಕಿನಲ್ಲಿ ಎರಡನ್ನೂ ಬರೆದೆ, ಒಂದರ ಕೆಳಗೆ ಒಂದು. ಫೋನಿನಲ್ಲಿ ಇದರ ಬಗ್ಗೆ ವಾದ ಮಾಡಲಿಲ್ಲ. ಎದುರಿಗೆ ಸ್ಕ್ರೀನ್ ನೋಡಿ ಓದುವವರ ಹತ್ತಿರ ಸುತ್ತೋಲೆ ಮಾತಾಡಿ ಏನು ಪ್ರಯೋಜನ?

ಅವತ್ತೇ ಸಂಜೆ ಚಿಕ್ಕಮ್ಮನ ಇಮೇಲಿನಿಂದ ಬ್ಯಾಂಕಿಗೆ ನಾಲ್ಕು ಸಾಲು ಕಳಿಸಿದೆವು. ಇವತ್ತು ಇಷ್ಟು ಹೊತ್ತಿಗೆ ನಿಮ್ಮ ಸಹಾಯವಾಣಿಗೆ ಮಾತಾಡಿದೆ, ದೂರಿನ ಸಂಖ್ಯೆ ಇದು, 14ರೊಳಗೆ ಆಗುತ್ತದೆ ಎಂದು ತಿಳಿಸಿದ್ದೀರಿ, ತಪ್ಪಿದ್ದರೆ ತಿಳಿಸಿ. ಬೈಗುಳ ಇಲ್ಲ, ಬೇಡಿಕೆ ಇಲ್ಲ. ಜೊತೆಗೆ ಒಂದು ಸಾಲು ಮಾತ್ರ ಸೇರಿಸಿದೆ: ಆ ಹೊತ್ತಿನ ಸಿಸಿಟಿವಿ ಚಿತ್ರಣವನ್ನು ಉಳಿಸಿಡಲು ಎಟಿಎಂ ಇಟ್ಟಿರುವ ಬ್ಯಾಂಕಿಗೆ ಹೇಳಿ. ಸಿಸಿಟಿವಿ ದೃಶ್ಯ ಎಷ್ಟೋ ಕಾಲ ಇರುವುದಿಲ್ಲ, ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. ಹಾಗಾಗಿ ಇದೊಂದನ್ನು ಮಾತ್ರ ದೂರಿನವರೆಗೆ ಕಾಯಿಸಬಾರದು.

ಆ ಇಮೇಲಿನ ಕೆಲಸ ಏನೆಂದರೆ, ಬಾಯಿಮಾತನ್ನು ಬರಹಕ್ಕೆ ತರುವುದು. ನೋಟ್‌ಬುಕ್ ನಾವೇ ಬರೆದದ್ದು. ಆ ಕಡೆಯವರು ಹಾಗೆ ಹೇಳಿದರು ಅನ್ನುವುದಕ್ಕೆ ಅದೊಂದೇ ಪುರಾವೆ ಆಗುವುದಿಲ್ಲ. ಆದರೆ ಸಹಾಯವಾಣಿಯ ಕರೆಗಳನ್ನು ಬ್ಯಾಂಕೇ ರೆಕಾರ್ಡ್ ಮಾಡುತ್ತದೆ, ಶುರುವಿನಲ್ಲೇ ಹಾಗಂತ ಹೇಳುತ್ತದೆ. ತಾರೀಖು, ಹೊತ್ತು, ಯಾವ ನಂಬರಿನಿಂದ ಅನ್ನುವುದು ಕೊಟ್ಟರೆ ಅವರಿಗೆ ಆ ರೆಕಾರ್ಡಿಂಗ್ ಹುಡುಕಲು ಆಗುತ್ತದೆ. 'ಹೋದ ವಾರ ಯಾರೋ ಹೇಳಿದರು' ಅಂದರೆ ಹುಡುಕುವವರೂ ಇಲ್ಲ, ಸಿಗುವುದೂ ಇಲ್ಲ.

ನಡುವೆ ಮಾರ್ಚ್ 12ರಂದು ಒಂದು ಸಾಲು ಇದೆ, ಅದು ನಾವು ಮಾಡಿದ ಕರೆ ಅಲ್ಲ. ಚಿಕ್ಕಮ್ಮನ ಕಟ್ಟಡದ ಒಬ್ಬ ಹುಡುಗ ಉಪಕಾರ ಮಾಡಲು ಹೋಗಿ ಬ್ಯಾಂಕಿನ ಸೋಶಿಯಲ್ ಮೀಡಿಯಾ ಪುಟದಲ್ಲಿ ಅವರ ಮೊಬೈಲ್ ನಂಬರ್ ಸಮೇತ ಬರೆದುಬಿಟ್ಟಿದ್ದ. ಮಧ್ಯಾಹ್ನ ಒಬ್ಬ ಫೋನ್ ಮಾಡಿ, ರಿಫಂಡ್ ವಿಭಾಗದಿಂದ ಮಾತಾಡುತ್ತಿದ್ದೇನೆ, ಒಂದು ಆ್ಯಪ್ ಹಾಕಿಕೊಳ್ಳಿ ಅಂದ. ಚಿಕ್ಕಮ್ಮ ನೋಟ್‌ಬುಕ್ ತೆರೆದು ಕೂತಿದ್ದರು. "ನನ್ನ ದೂರಿನ ಸಂಖ್ಯೆ ಹೇಳು ನೋಡುವಾ," ಅಂದರು. ಅವನು ಮಾತು ತಿರುಗಿಸಿದ. ಮತ್ತೆ ಕೇಳಿದರು. ಫೋನ್ ಕಟ್. ಆ ಸಾಲನ್ನು ಅವರೇ ಬರೆದಿದ್ದಾರೆ, ಹೆಮ್ಮೆಯಿಂದ, ಎರಡು ಸಾಲಿನ ಜಾಗ ತೆಗೆದುಕೊಂಡು.

ಮಾರ್ಚ್ 14ಕ್ಕೆ ಎಸ್‌ಎಂಎಸ್ ಬಂತು: ನಿಮ್ಮ ದೂರನ್ನು ಪರಿಶೀಲಿಸಲಾಗಿದೆ, ವ್ಯವಹಾರ ಯಶಸ್ವಿಯಾಗಿದೆ, ದೂರು ಮುಕ್ತಾಯ. ಚಿಕ್ಕಮ್ಮ ಸಿಟ್ಟಿನಿಂದ ನಡುಗುತ್ತಿದ್ದರು. ದುಡ್ಡು ತೆಗೆದುಕೊಂಡು ಸುಳ್ಳು ಹೇಳುತ್ತಿದ್ದೇನೆ ಅಂತಲಾ ಅರ್ಥ, ಅಂದರು. ಅವತ್ತೇ ಕಾಗದ ಬರೆಯಬೇಕು ಅಂತ ಹಟ. ಬರೆದಿದ್ದರೆ ಏನು ಬರೆಯುತ್ತಿದ್ದೆವು? 'ಮಾರ್ಚ್ 4ರಂದು ಡೊಂಬಿವಲಿ ಪೂರ್ವದ ಎಟಿಎಂನಲ್ಲಿ ಹತ್ತು ಸಾವಿರ ಬರಲಿಲ್ಲ' ಅಂತ. ಅದಕ್ಕೆ ಉತ್ತರವೂ ಅದೇ ಬರುತ್ತಿತ್ತು: ಯಶಸ್ವಿಯಾಗಿದೆ.

ಸಹಾಯವಾಣಿಗೆ ಕೇಳಿದಾಗ, ಎಟಿಎಂ ಇಟ್ಟಿರುವ ಬ್ಯಾಂಕಿನಿಂದ 'ಇಜೆ' ಬಂದಿದೆ, ಅದರಲ್ಲಿ ಯಶಸ್ವಿ ಅಂತ ಇದೆ ಅಂದರು. ಇಜೆ ಅಂದರೆ ಎಲೆಕ್ಟ್ರಾನಿಕ್ ಜರ್ನಲ್. ಯಂತ್ರ ತಾನೇ ಬರೆದುಕೊಳ್ಳುವ ದಾಖಲೆ ಅದು. ಯಾವ ಹೊತ್ತಿಗೆ ಕಾರ್ಡ್ ಬಂತು, ಎಷ್ಟು ಕೇಳಿದರು, ನೋಟು ಹೊರಗೆ ಬಂತೋ ಇಲ್ಲವೋ ಎಲ್ಲ ಅದರಲ್ಲಿ ಇರುತ್ತದೆ. ಹಾಗಾದರೆ ಯಂತ್ರದ ನೋಟ್‌ಬುಕ್ಕಿಗೂ ನಮ್ಮ ನೋಟ್‌ಬುಕ್ಕಿಗೂ ಎಲ್ಲಿ ತಾಳೆ ತಪ್ಪಿದೆ ಅಂತ ನೋಡಬೇಕಾಯಿತು.

ಮಾರನೇ ದಿನ, 15ರಂದು, ಅರ್ಧ ದಿನ ರಜೆ ಹಾಕಿ ಚಿಕ್ಕಮ್ಮನ ಜೊತೆ ಶಾಖೆಗೆ ಹೋದೆ. ಕೌಂಟರಿನಲ್ಲಿದ್ದವರು ಮರಾಠಿಯಲ್ಲಿ, "ಮಾವಶಿ, ಒಂದು ಅರ್ಜಿ ಕೊಟ್ಟುಹೋಗಿ," ಅಂದರು. ಕೊಡುತ್ತೇವೆ, ಅದಕ್ಕೆ ಮುಂಚೆ ಒಂದೇ ಪ್ರಶ್ನೆ, ಅಂದೆ. ಯಶಸ್ವಿ ಅಂತ ಬಂದದ್ದು ಯಾವ ಹೊತ್ತಿನ ವ್ಯವಹಾರ? ಯಾವ ಎಟಿಎಂ ಐಡಿ? ಅವರು ಸ್ಕ್ರೀನ್ ತಿರುಗಿಸಿ ನೋಡಿ ಓದಿ ಹೇಳಿದರು: 18:59. ಐಡಿಯ ಕೊನೆಯ ಅಂಕಿಗಳನ್ನೂ ಹೇಳಿದರು. ನಾನು ಅಲ್ಲೇ ನಿಂತು ಬರೆದುಕೊಂಡೆ, ಅವರ ಹೆಸರು ಮತ್ತು ಹೊತ್ತು ಸಮೇತ. "ಸೋಮವಾರ ವಿಚಾರಿಸಿ ಹೇಳುತ್ತೇನೆ," ಅಂದರು. ಗಡುವು: ಮಾ. 18.

ಹೊರಗೆ ಬಂದು ಮೊದಲ ಪುಟ ತಿರುಗಿಸಿದರೆ ಗೊತ್ತಾಯಿತು. 6:59 ಅಂದರೆ ಎರಡನೇ ಯಂತ್ರ, ದುಡ್ಡು ಬಂದದ್ದು! ದುಡ್ಡು ಬರದೇ ಇದ್ದದ್ದು 6:52ರದ್ದು. ಒಂದೇ ಕಾರ್ಡ್, ಒಂದೇ ದಿನ, ಒಂದೇ ಮೊತ್ತ. ದೂರು ದಾಖಲಿಸಿಕೊಂಡವರು ಮೊತ್ತ ಮತ್ತು ತಾರೀಖು ಮಾತ್ರ ಹಾಕಿದ್ದರು, ಹೊತ್ತು ಹಾಕಿರಲಿಲ್ಲ. ತನಿಖೆ ಮಾಡಿದವರು ಎರಡನೆಯದನ್ನು ಎತ್ತಿಕೊಂಡಿದ್ದರು. ಯಂತ್ರದ ದಾಖಲೆ ಸುಳ್ಳು ಹೇಳಿರಲಿಲ್ಲ, ಬೇರೆ ಯಂತ್ರದ ದಾಖಲೆ ಕೇಳಿದ್ದರು ಅಷ್ಟೆ.

ಮನೆಗೆ ಬಂದು ಪಾಸ್‌ಬುಕ್ಕಿನ ಬದಲು ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ತೆಗೆದೆವು. ಅದರಲ್ಲಿ ಎರಡೂ ವ್ಯವಹಾರಕ್ಕೆ ಬೇರೆ ಬೇರೆ ರೆಫರೆನ್ಸ್ ಸಂಖ್ಯೆ ಇತ್ತು. ಎಸ್‌ಎಂಎಸ್ಸಿನ ಹೊತ್ತು, ಎಟಿಎಂ ಐಡಿ, ರೆಫರೆನ್ಸ್ ಸಂಖ್ಯೆ, ಮೂರನ್ನೂ ಎರಡು ಸಾಲಿನಲ್ಲಿ ಪಕ್ಕಪಕ್ಕ ಬರೆದೆ. ಇಡೀ ಪ್ರಕರಣ ಆ ಎರಡು ಸಾಲಿನಲ್ಲಿತ್ತು.

ಸೋಮವಾರ ಶಾಖೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಎತ್ತದ ಕರೆಗಳನ್ನೂ ಬರೆದೆ. ಮೊಬೈಲಿನ ಕಾಲ್ ಲಿಸ್ಟಿನಲ್ಲಿ ಹಳೆಯವು ಅಳಿಸಿ ಹೋಗುತ್ತವೆ, ಹಾಗಾಗಿ ಸ್ಕ್ರೀನ್‌ಶಾಟ್. 'ಆದದ್ದೇನು' ಕಾಲಮ್ಮಿನಲ್ಲಿ: "ಹೇಳಲಿಲ್ಲ."

ಮಾರ್ಚ್ 19, ಮಂಗಳವಾರ, ದೂರು ಬರೆದೆವು. ಒಂದು ಪುಟ, ಇಂಗ್ಲಿಷಿನಲ್ಲಿ. ಮೊದಲ ಪ್ಯಾರಾದಲ್ಲಿ ಆ ಎರಡು ವ್ಯವಹಾರಗಳು, ನಮ್ಮ ದೂರು ಮೊದಲನೆಯದರ ಬಗ್ಗೆ, ನೀವು ಉತ್ತರ ಕೊಟ್ಟದ್ದು ಎರಡನೆಯದರ ಬಗ್ಗೆ ಅಂತ. ಎರಡನೆಯ ಪ್ಯಾರಾದಲ್ಲಿ ನಮಗೆ ಬೇಕಾದ ಪರಿಶೀಲನೆ: 18:52ರ ವ್ಯವಹಾರದ ಇಜೆ, ಆ ಯಂತ್ರದಲ್ಲಿ ಲೆಕ್ಕ ತಾಳೆ ನೋಡಿದಾಗ ಹೆಚ್ಚಿಗೆ ಉಳಿದ ನಗದು ಇತ್ತೇ ಅನ್ನುವುದು, ಮತ್ತು ಸಿಸಿಟಿವಿ. ಯಂತ್ರ ನೋಟು ಕೊಡದೇ ಖಾತೆಯಿಂದ ಕಡಿತವಾಗಿದ್ದರೆ ಆ ನೋಟು ಯಂತ್ರದಲ್ಲೇ ಉಳಿದಿರಬೇಕು, ಎಣಿಸಿದಾಗ ಲೆಕ್ಕಕ್ಕಿಂತ ಜಾಸ್ತಿ ಇರಬೇಕು. ಮೂರನೆಯದರಲ್ಲಿ ಬೇಡಿಕೆ: ಹತ್ತು ಸಾವಿರ, ಮತ್ತು ಮಾರ್ಚ್ 9ರ ನಂತರ ದಿನಕ್ಕೆ 100. ಜೊತೆಗೆ ನೋಟ್‌ಬುಕ್ಕಿನ ಪುಟಗಳ ಫೋಟೊ, ಎಸ್‌ಎಂಎಸ್‌ಗಳ ಸ್ಕ್ರೀನ್‌ಶಾಟ್. ಚಿಕ್ಕಮ್ಮ ಓದಿಸಿಕೊಂಡು, "ಇದರಲ್ಲಿ ಸಿಟ್ಟೇ ಇಲ್ಲವಲ್ಲ," ಅಂದರು.

ಇಮೇಲ್ ಕಳಿಸಿ, ಶಾಖೆಯಲ್ಲೂ ಒಂದು ಪ್ರತಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಪೋಚ್ ಹಾಕಿಸಿಕೊಂಡೆವು. ಇಲ್ಲಿಯ ಕಚೇರಿಗಳಲ್ಲಿ ಪೋಚ್ ಕೊಡಿ ಅಂದರೆ ಸೀಲು, ಸಹಿ, ತಾರೀಖು ಹಾಕಿ ಕೊಡುತ್ತಾರೆ. ತಾರೀಖು ಮಸುಕಾಗಿದ್ದರೆ ಪೆನ್ನಿನಿಂದ ಬರೆಸಿಕೊಳ್ಳಬೇಕು, ಯಾಕೆಂದರೆ ಮುಂದಿನ ಎಣಿಕೆ ಅಲ್ಲಿಂದ ಶುರು.

ಆ ಎಣಿಕೆ 30 ದಿನದ್ದು. ಆಗ ಜಾರಿಯಲ್ಲಿದ್ದ ರಿಸರ್ವ್ ಬ್ಯಾಂಕಿನ 2021ರ ಸಮಗ್ರ ಓಂಬುಡ್ಸ್‌ಮನ್ ಯೋಜನೆಯ ಪ್ರಕಾರ ಮೊದಲು ಬ್ಯಾಂಕಿಗೇ ಬರಹದಲ್ಲಿ ದೂರು ಕೊಟ್ಟಿರಬೇಕು. ಬ್ಯಾಂಕು ತಿರಸ್ಕರಿಸಿದರೆ, ಕೊಟ್ಟ ಉತ್ತರ ಸಮಾಧಾನ ಆಗದಿದ್ದರೆ, ಅಥವಾ 30 ದಿನ ಉತ್ತರವೇ ಬರದಿದ್ದರೆ ಆಮೇಲೆ ಓಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ. ಬರಹ ಅಂದರೆ ಕಾಗದವೇ ಆಗಬೇಕಿಲ್ಲ, ದೂರು ಕೊಟ್ಟದ್ದಕ್ಕೆ ಪುರಾವೆ ತೋರಿಸಲು ಆದರೆ ಸಾಕು. ಆ ಲೆಕ್ಕದಲ್ಲಿ ಮಾರ್ಚ್ 6ರ ದೂರಿನ ಸಂಖ್ಯೆಯ ಎಸ್‌ಎಂಎಸ್ಸೂ ನಡೆಯುತ್ತಿತ್ತು, 14ರಂದು ತಿರಸ್ಕಾರವೂ ಆಗಿತ್ತು, ನೇರ ಹೋಗಬಹುದಿತ್ತು. ನನ್ನ ಕಚೇರಿಯ ಗೆಳೆಯ ಹಾಗೇ ಮಾಡು ಅಂದ. ನನಗೆ ಸರಿ ಅನ್ನಿಸಲಿಲ್ಲ. ಬ್ಯಾಂಕಿಗೆ ಯಾವ ವ್ಯವಹಾರ ಅಂತಲೇ ಇನ್ನೂ ಸ್ಪಷ್ಟವಾಗಿ ಹೇಳಿರಲಿಲ್ಲ. ಮೇಲಿನವರು ಮತ್ತೆ ಅದೇ ಬ್ಯಾಂಕಿಗೆ ಕಳಿಸಿ ಉತ್ತರ ಕೇಳುತ್ತಾರೆ, ಅದೇ ಗೊಂದಲ ಅಲ್ಲಿಗೂ ಹೋಗುತ್ತಿತ್ತು.

ಆಮೇಲಿನ ದಿನಗಳು ಬರೀ ಕಾಯುವುದು. ಹೋಳಿ, ಗುಡ್ ಫ್ರೈಡೇ, ಬ್ಯಾಂಕಿನ ವರ್ಷದ ಲೆಕ್ಕ ಮುಗಿಸುವ ದಿನ, ಯುಗಾದಿ. ಏಪ್ರಿಲ್ 2ಕ್ಕೆ ಒಂದು ಇಮೇಲ್ ಬಂತು, ಎಟಿಎಂ ಚೀಟಿ ಕಳಿಸಿ ಅಂತ. ಯಂತ್ರ ಚೀಟಿ ಕೊಡಲಿಲ್ಲ ಅಂತ ಮಾರ್ಚ್ 4ರ ಸಾಲಿನಲ್ಲೇ ಇತ್ತು. ಅದನ್ನೇ ತೋರಿಸಿ ಅವತ್ತೇ ಉತ್ತರ ಕೊಟ್ಟೆವು. ಹೀಗೆ ಒಂದು ಪ್ರಶ್ನೆ ಕೇಳಿ ಕಳಿಸಿದರೆ ಆ ಕಡೆಯವರ ಲೆಕ್ಕದಲ್ಲಿ 'ಗ್ರಾಹಕರ ಉತ್ತರಕ್ಕೆ ಕಾಯುತ್ತಿದೆ' ಅಂತ ಆಗುತ್ತದೆ. ನಾವು ತಡ ಮಾಡಿದ ಒಂದೊಂದು ದಿನವೂ ನಮ್ಮ ತಲೆಗೇ ಬರುತ್ತದೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ನಾವು ಉತ್ತರ ಕೊಟ್ಟ ಹೊತ್ತನ್ನೂ ಬರೆದೆ.

30 ದಿನ ಏಪ್ರಿಲ್ 18ಕ್ಕೆ ಮುಗಿಯಿತು. 20ರಂದು ಶನಿವಾರ ರಿಸರ್ವ್ ಬ್ಯಾಂಕಿನ ದೂರಿನ ತಾಣ `cms.rbi.org.in` ತೆರೆದು ಚಿಕ್ಕಮ್ಮನ ಮೊಬೈಲಿಗೆ ಬಂದ ಓಟಿಪಿ ಹಾಕಿ ದೂರು ತುಂಬಿದೆವು. ಅಲ್ಲಿ ಕೇಳುವುದು ಹೆಚ್ಚು ಕಡಿಮೆ ನೋಟ್‌ಬುಕ್ಕಿನಲ್ಲಿದ್ದದ್ದೇ: ಬ್ಯಾಂಕಿಗೆ ಯಾವತ್ತು ದೂರು ಕೊಟ್ಟಿರಿ, ಉತ್ತರ ಬಂತೇ, ಯಾವತ್ತು, ಮೊತ್ತ ಎಷ್ಟು, ದಾಖಲೆ ಲಗತ್ತಿಸಿ. ಚಿಕ್ಕಮ್ಮ ತಾರೀಖು ಓದುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಚಹಾ ಆರುವ ಮುಂಚೆ ಮುಗಿಯಿತು.

22ರಂದು ಸೋಮವಾರ ಹತ್ತು ಸಾವಿರ ಖಾತೆಗೆ ಬಂತು. ಮೇಲಿನ ದೂರಿನಿಂದ ಬಂತೋ, ನಮ್ಮ ಮೊದಲ ಕಾಗದದ ತನಿಖೆ ಅಷ್ಟೊತ್ತಿಗೆ ಮುಗಿದಿತ್ತೋ, ಹೇಳಲು ಬರುವುದಿಲ್ಲ. ಪರಿಹಾರ ಮಾತ್ರ ಬರಲಿಲ್ಲ. ಹಾಗಾಗಿ ದೂರು ವಾಪಸ್ ತೆಗೆದುಕೊಳ್ಳಲಿಲ್ಲ. ಚಿಕ್ಕಮ್ಮನಿಗೆ ಇಲ್ಲಿಗೆ ಸಾಕು ಅನ್ನಿಸಿತ್ತು. ನಾನೇ ಬಿಡಲಿಲ್ಲ ಅನ್ನಿ.

ಮೇ ಮೊದಲ ವಾರ 2,900 ರೂಪಾಯಿ ಬಂತು. ಲೆಕ್ಕ ಹೇಗೆ ಅಂತ ಇಮೇಲಿನಲ್ಲಿ ಕೇಳಿದೆವು. ಉತ್ತರ: ದೂರು ಬಂದ ದಿನ ಮಾರ್ಚ್ 19, ಅದಕ್ಕೆ ಐದು ದಿನ ಸೇರಿಸಿ 24, ಅಲ್ಲಿಂದ ಏಪ್ರಿಲ್ 22ರವರೆಗೆ 29 ದಿನ. ಆದರೆ ಸುತ್ತೋಲೆಯ ಎಣಿಕೆ ವ್ಯವಹಾರದ ದಿನದಿಂದ, ದೂರಿನ ದಿನದಿಂದ ಅಲ್ಲ. ಗ್ರಾಹಕ ದೂರನ್ನೇ ಕೊಡದಿದ್ದರೂ ವಾಪಸ್ ಹಾಕಬೇಕು ಅಂದಮೇಲೆ ದೂರಿನ ದಿನದಿಂದ ಹೇಗೆ ಎಣಿಸುವುದು? ವ್ಯವಹಾರ ಮಾರ್ಚ್ 4, ಗಡುವು 9. ಮಾರ್ಚಿನಲ್ಲಿ 22 ದಿನ, ಏಪ್ರಿಲ್‌ನಲ್ಲಿ 22, ಒಟ್ಟು 44. ಅಂದರೆ 4,400. ಇದನ್ನು ಮೂರು ಸಾಲಿನಲ್ಲಿ ಬರೆದು, ಮಾರ್ಚ್ 4ರ 6:52ರ ಎಸ್‌ಎಂಎಸ್ ಮತ್ತೆ ಲಗತ್ತಿಸಿ, ಓಂಬುಡ್ಸ್‌ಮನ್ ಕಚೇರಿಯ ದೂರಿಗೂ ಸೇರಿಸಿದೆವು. ಮೇ ಮುಗಿಯುವ ಮುಂಚೆ ಉಳಿದ 1,500 ಬಂತು. ಆಮೇಲೆ ಆ ದೂರು ಮುಕ್ತಾಯವಾಯಿತು.

ನಮ್ಮ ಕಟ್ಟಡದಲ್ಲಿ ಇದನ್ನು ಕೇಳಿದ ಒಬ್ಬರು ತಮ್ಮ ಖಾತೆಯಿಂದ ಯಾರೋ ಆನ್‌ಲೈನಿನಲ್ಲಿ ದುಡ್ಡು ತೆಗೆದಾಗ ಮೊದಲು ನೋಟ್‌ಬುಕ್ ಮಾಡುತ್ತೇನೆ ಅಂತ ಕೂತಿದ್ದರು. ಅಲ್ಲಿ ಹಾಗೆ ಮಾಡುವಂತಿಲ್ಲ. ನಾವು ಮಾಡದ ವ್ಯವಹಾರದಲ್ಲಿ ದುಡ್ಡು ಹೋದರೆ ತಕ್ಷಣ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಬೇಕು, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಮೂರನೆಯವರ ಮೋಸವಾಗಿದ್ದು, ನಮ್ಮಿಂದಲೂ ಬ್ಯಾಂಕಿನಿಂದಲೂ ತಪ್ಪಾಗಿರದಿದ್ದರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ ಅಂತ ಆಗ ಜಾರಿಯಲ್ಲಿದ್ದ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳುತ್ತಿತ್ತು. ತಡವಾದಷ್ಟೂ ನಮ್ಮ ಪಾಲು ಹೆಚ್ಚುತ್ತದೆ. ಅಂಥ ಕಡೆ ಮೊದಲ ಫೋನೇ ದೂರು, ಬರೆದುಕೊಳ್ಳುವುದು ಅದರ ಜೊತೆಜೊತೆಗೆ. ಅವರನ್ನು ಎಬ್ಬಿಸಿ ಫೋನ್ ಮಾಡಿಸಿದೆ. ಫೋನ್ ಹಿಡಿದುಕೊಂಡೇ ಹಳೆಯ ಕ್ಯಾಲೆಂಡರಿನ ಹಿಂದೆ ಹೊತ್ತು ಬರೆದುಕೊಂಡರು.